ಕೇಬಲ್ ಮೈಮೇಲಿನ CMP, CMR, CM: ಗೋಡೆಯೊಳಗೆ ಯಾವುದು, ಸೀಲಿಂಗ್ ಮೇಲೆ ಯಾವುದು?

ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸದಲ್ಲಿ ಜನ ನನ್ನನ್ನು ಹೆಚ್ಚು ಕೇಳುವುದು ವೇಗದ ಬಗ್ಗೆ. ಕ್ಯಾಟ್ 6 ಸಾಕಾ, 6ಎ ಬೇಕಾ ಅಂತ. ಆದರೆ ಗೋಡೆಯೊಳಗೆ ಒಮ್ಮೆ ಹೋದ ಕೇಬಲ್ ಹತ್ತಿಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಕಣ್ಣಿಗೂ ಕಾಣುವುದಿಲ್ಲ. ಬೆಂಕಿ ಬಿದ್ದ ದಿನ ಅದು ಹೇಗೆ ಉರಿಯುತ್ತದೆ ಅನ್ನುವುದನ್ನು ಅದರ ಮೈಮೇಲಿನ ಎರಡು ಮೂರು ಅಕ್ಷರ ಹೇಳುತ್ತದೆ. ಈ ಪುಟ ಆ ಅಕ್ಷರಗಳ ಬಗ್ಗೆ. ನೆಟ್‌ವರ್ಕ್, ಫೋನ್‌ನಂಥ ಸಣ್ಣ ವೋಲ್ಟೇಜಿನ ಕೇಬಲ್‌ಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ.

ಕೇಬಲ್ ಉದ್ದಕ್ಕೂ ಏನೇನೋ ಅಚ್ಚಾಗಿರುತ್ತದೆ. ಅದರಲ್ಲಿ ಬೆಂಕಿಯ ಗುರುತು ಯಾವುದು?

ಒಂದು ಮೀಟರ್ ಕೇಬಲ್ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ. ಹೆಚ್ಚು ಕಡಿಮೆ ಹೀಗೊಂದು ಸಾಲು ಸಿಗುತ್ತದೆ:

```
E000000 (UL) TYPE CMR 75C 4PR 23AWG CAT6 U/UTP 0412 FT
```

ಇದರಲ್ಲಿ `CMR` ಬೆಂಕಿಯ ಗುರುತು. `75C` ಅಂದರೆ ಕೇಬಲ್ ತಡೆಯುವ ಮಾಮೂಲಿ ಶಾಖ, 75 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಬೆಂಕಿಗೂ ಸಂಬಂಧವಿಲ್ಲ. `CAT6` ವೇಗದ ದರ್ಜೆ. ಅದಕ್ಕೂ ಬೆಂಕಿಗೂ ಸಂಬಂಧವಿಲ್ಲ. ಒಂದೇ ಕ್ಯಾಟ್ 6 ಕೇಬಲ್ ಮೂರು ನಾಲ್ಕು ಬೆಂಕಿ ದರ್ಜೆಯಲ್ಲಿ ಸಿಗುತ್ತದೆ. `E` ಜೊತೆ ಬರುವ ಅಂಕಿ ಪರೀಕ್ಷೆ ಮಾಡಿದ ಯುಎಲ್ ಅನ್ನುವ ಸಂಸ್ಥೆಯಲ್ಲಿ ತಯಾರಕರ ಕಡತದ ಸಂಖ್ಯೆ. ನಾನು ಇಲ್ಲಿ ಸೊನ್ನೆ ಹಾಕಿದ್ದೇನೆ, ನಿಜವಾದ ಕೇಬಲ್ ಮೇಲೆ ನಿಜವಾದ ಅಂಕಿ ಇರುತ್ತದೆ. ಕೊನೆಯಲ್ಲಿರುವುದು ಅಡಿಯ ಲೆಕ್ಕ. ಪೆಟ್ಟಿಗೆಯಲ್ಲಿ ಇನ್ನೆಷ್ಟು ಕೇಬಲ್ ಉಳಿದಿದೆ ಅಂತ ತಿಳಿಯಲು ಅದು ತುಂಬ ಅನುಕೂಲ.

ಈ ಸಿಎಂ ಕುಟುಂಬದ ಅಕ್ಷರಗಳು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಿಂದ ಬಂದವು. ಕೇಬಲ್ ಮಾತ್ರ ಲೋಕದ ಎಲ್ಲ ಕಡೆ ಮಾರಾಟವಾಗುತ್ತದೆ. ಹಾಗಾಗಿ ಎಲ್ಲಿದ್ದರೂ ಈ ಅಕ್ಷರಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಯುರೋಪಿನ ಗುರುತು ಬೇರೆ, ಅದನ್ನು ಕೆಳಗೆ ಹೇಳಿದ್ದೇನೆ.

CMX, CM, CMR, CMP: ಇವುಗಳ ನಡುವೆ ನಿಜವಾದ ವ್ಯತ್ಯಾಸ ಏನು?

ಇದನ್ನು ನಾಲ್ಕು ಬೇರೆ ಬೇರೆ ಬೆಂಕಿ ಪರೀಕ್ಷೆ ಅಂತ ಅರ್ಥ ಮಾಡಿಕೊಂಡರೆ ಮರೆಯುವುದೇ ಇಲ್ಲ. ಮೇಲಿನ ದರ್ಜೆ ಕೆಳಗಿನ ಜಾಗದಲ್ಲಿ ನಡೆಯುತ್ತದೆ. ಕೆಳಗಿನ ದರ್ಜೆ ಮೇಲಿನ ಜಾಗದಲ್ಲಿ ನಡೆಯುವುದಿಲ್ಲ.

CMX ಎಲ್ಲಕ್ಕಿಂತ ಕೆಳಗಿನದು. ಒಂದೇ ತುಂಡನ್ನು ನೆಟ್ಟಗೆ ನೇತುಹಾಕಿ ಸಣ್ಣ ಜ್ವಾಲೆ ತಗುಲಿಸಿ ನೋಡುತ್ತಾರೆ, ಅಷ್ಟೇ. ಸಣ್ಣ ಮನೆಗಳಿಗೆ, ಅದೂ ಮಿತಿ ಹಾಕಿ ಬಿಟ್ಟಿದ್ದಾರೆ.

CM ಸಾಮಾನ್ಯ ಬಳಕೆಯದು. ಇಲ್ಲಿ ಒಂದು ತುಂಡಲ್ಲ, ಟ್ರೇ ತುಂಬ ಕೇಬಲ್ ಕಟ್ಟಿ ನಿಲ್ಲಿಸಿ 20 ನಿಮಿಷ ಉರಿ ಹಚ್ಚುತ್ತಾರೆ. ಈ ಬದಲಾವಣೆ ಸಣ್ಣದಲ್ಲ. ಒಂಟಿ ಕೇಬಲ್ ತಾನಾಗಿ ಆರಿಹೋಗಬಹುದು. ಅದೇ ಕೇಬಲ್ ಇಪ್ಪತ್ತು ಒಟ್ಟಿಗೆ ಇದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಹತ್ತಿ ಉರಿಯುತ್ತಲೇ ಹೋಗುತ್ತದೆ. ಸೌದೆ ಒಲೆಯಲ್ಲಿ ಒಂದೇ ಕೊಳ್ಳಿ ನಿಲ್ಲುವುದಿಲ್ಲ, ನಾಲ್ಕು ಕೂಡಿಸಿದರೆ ಹತ್ತಿಕೊಳ್ಳುತ್ತದೆ ಅಲ್ವಾ, ಹಾಗೆ.

CMR ನಲ್ಲಿರುವ ಆರ್ ಅಂದರೆ ರೈಸರ್. ಒಂದು ಮಹಡಿಯಿಂದ ಇನ್ನೊಂದಕ್ಕೆ ಏರುವ ದಾರಿ. ಇದಕ್ಕೆ ಎತ್ತರದ ಶಾಫ್ಟ್ ಒಂದನ್ನು ಕಟ್ಟಿ, ಅದರಲ್ಲಿ ಕೇಬಲ್ ಕಟ್ಟು ಇಳಿಬಿಟ್ಟು, ಕೆಳಗಿನಿಂದ ಸುಮಾರು 154 ಕಿಲೋವ್ಯಾಟ್ ಉರಿಯನ್ನು 30 ನಿಮಿಷ ಕೊಡುತ್ತಾರೆ. ಜ್ವಾಲೆ ಸುಮಾರು 3.7 ಮೀಟರ್ ಗೆರೆ ಮುಟ್ಟಬಾರದು. ಅಂದರೆ ಕೆಳಗಿನ ಮಹಡಿಯ ಬೆಂಕಿಗೆ ಈ ಕೇಬಲ್ ಏಣಿಯಾಗಬಾರದು ಅನ್ನುವುದು ಇದರ ಗುರಿ. ಒಂದು ಮಾತು ಗಮನಿಸಿ: ಇಲ್ಲಿ ಹೊಗೆಗೆ ಮಿತಿ ಇಲ್ಲ. CMR ಕೇಬಲ್ ಬೆಂಕಿ ಹರಡದೆ ಇರಬಹುದು, ಆದರೆ ದಟ್ಟ ಕಪ್ಪು ಹೊಗೆ ಬಿಡಬಹುದು.

CMP ನಲ್ಲಿರುವ ಪಿ ಅಂದರೆ ಪ್ಲೀನಮ್. ಇಲ್ಲಿ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಎನ್‌ಎಫ್‌ಪಿಎ 262 ಅನ್ನುವ ಪರೀಕ್ಷೆಯಲ್ಲಿ ಸುಮಾರು 7.6 ಮೀಟರ್ ಉದ್ದದ ಸುರಂಗದಲ್ಲಿ ಕೇಬಲ್‌ಗಳನ್ನು ಮಲಗಿಸುತ್ತಾರೆ. ಒಂದು ತುದಿಯಲ್ಲಿ 20 ನಿಮಿಷ ಉರಿ. ಜೊತೆಗೆ ಸೆಕೆಂಡಿಗೆ ಸುಮಾರು 1.2 ಮೀಟರ್ ವೇಗದಲ್ಲಿ ಗಾಳಿ ಬೀಸುತ್ತಾರೆ, ಬೆಂಕಿಗೆ ಊದುಕೊಳವೆ ಹಿಡಿದ ಹಾಗೆ. ಇಷ್ಟಾದರೂ ಜ್ವಾಲೆ 1.5 ಮೀಟರಿಗಿಂತ ಮುಂದೆ ಹರಿಯಬಾರದು. ಸುರಂಗದ ಆ ತುದಿಯಲ್ಲಿ ಬರುವ ಹೊಗೆಯ ದಟ್ಟಣೆಯನ್ನೂ ಅಳೆಯುತ್ತಾರೆ, ಅದಕ್ಕೂ ಮಿತಿ ಇದೆ.

ಪ್ಲೀನಮ್ ಅಂದರೆ ಫಾಲ್ಸ್ ಸೀಲಿಂಗ್ ಮೇಲಿನ ಜಾಗ ತಾನೇ?

ಅಲ್ಲ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಎರಡೂ ಕಡೆಗೆ ತಪ್ಪುತ್ತಾರೆ. ಕೆಲವರು ಎಲ್ಲ ಸೀಲಿಂಗಿಗೂ CMP ಬೇಕು ಅಂತ ಸುಮ್ನೆ ಖರ್ಚು ಮಾಡುತ್ತಾರೆ. ಕೆಲವರು ಎಲ್ಲಿಯೂ ಬೇಡ ಅಂತ ಬಿಟ್ಟುಬಿಡುತ್ತಾರೆ.

ಪ್ಲೀನಮ್ ಅಂದರೆ ಜನ ಉಸಿರಾಡುವ ಗಾಳಿಯನ್ನು ಸಾಗಿಸಲು ಬಳಸುವ ಖಾಲಿ ಜಾಗ. ಏಸಿ ಯಂತ್ರಕ್ಕೆ ಕೋಣೆಯ ಗಾಳಿ ವಾಪಸ್ ಹೋಗಬೇಕು. ಕೆಲವು ಕಟ್ಟಡದಲ್ಲಿ ಅದಕ್ಕೆ ತಗಡಿನ ಡಕ್ಟ್ ಇರುತ್ತದೆ. ಇನ್ನು ಕೆಲವು ಕಡೆ ಡಕ್ಟ್ ಖರ್ಚು ಉಳಿಸಲು ಸೀಲಿಂಗ್ ಮೇಲಿನ ಪೂರ್ತಿ ಜಾಗವನ್ನೇ ಗಾಳಿಯ ದಾರಿ ಮಾಡಿರುತ್ತಾರೆ. ಎರಡನೆಯದು ಪ್ಲೀನಮ್. ಅಲ್ಲಿ ಒಂದು ಕೇಬಲ್ ಹೊಗೆಯಾಡಿದರೂ ಆ ಹೊಗೆ ಸೀದಾ ಯಂತ್ರಕ್ಕೆ ಹೋಗಿ, ಅಲ್ಲಿಂದ ಎಲ್ಲ ಕೋಣೆಗೂ ಹಂಚಿಕೆಯಾಗುತ್ತದೆ. ಬೆಂಕಿ ಒಂದು ಮೂಲೆಯಲ್ಲಿ, ಉಸಿರು ಕಟ್ಟುವುದು ಇನ್ನೊಂದು ಮೂಲೆಯಲ್ಲಿ. ಕೆಲವು ಸರ್ವರ್ ಕೋಣೆಗಳಲ್ಲಿ ಎತ್ತರಿಸಿದ ನೆಲದ ಕೆಳಗೆ ತಣ್ಣನೆಯ ಗಾಳಿ ಬಿಡುತ್ತಾರೆ, ಆ ಜಾಗವನ್ನೂ ಗಾಳಿಯ ದಾರಿ ಅಂತಲೇ ನೋಡಬೇಕು.

ನಮ್ಮ ಸೀಲಿಂಗ್ ಪ್ಲೀನಮ್ ಹೌದೋ ಅಲ್ಲವೋ ನಾನೇ ನೋಡಿ ತಿಳಿಯಬಹುದಾ?

ಬಹುತೇಕ ಸಲ ತಿಳಿಯಬಹುದು. ಏಸಿ ಚಾಲೂ ಇರುವಾಗ ಸೀಲಿಂಗ್‌ನಲ್ಲಿರುವ ಪ್ರತಿ ಗ್ರಿಲ್ ಹತ್ತಿರ ತೆಳುವಾದ ಟಿಶ್ಯೂ ಕಾಗದ ಹಿಡಿಯಿರಿ. ಕಾಗದವನ್ನು ದೂರ ತಳ್ಳಿದರೆ ಅದು ಗಾಳಿ ಬಿಡುವ ಗ್ರಿಲ್. ಎಳೆದುಕೊಂಡರೆ ಗಾಳಿ ವಾಪಸ್ ಹೋಗುವ ಗ್ರಿಲ್. ಈಗ ಎಳೆದುಕೊಂಡ ಗ್ರಿಲ್ ಪಕ್ಕದ ಟೈಲ್ ಎತ್ತಿ ಟಾರ್ಚ್ ಬಿಡಿ. ಗ್ರಿಲ್ ಹಿಂದೆ ಡಕ್ಟೋ ಬಾಗುವ ಕೊಳವೆಯೋ ಬಿಗಿಯಾಗಿ ಕೂತಿದ್ದರೆ ಗಾಳಿ ಅದರೊಳಗೇ ಹೋಗುತ್ತಿದೆ. ಗ್ರಿಲ್ ಹಿಂದೆ ಏನೂ ಇಲ್ಲದೆ ಬರೀ ತೆರೆದ ಜಾಲರಿ ಇದ್ದರೆ ಪೂರ್ತಿ ಜಾಗವೇ ಡಕ್ಟ್. ಅದು ಪ್ಲೀನಮ್.

ನಾನೊಮ್ಮೆ ನೋಡಿದ ಕಚೇರಿಯಲ್ಲಿ ನಾಲ್ಕು ಗ್ರಿಲ್‌ಗೆ ಡಕ್ಟ್ ಇತ್ತು, ಐದನೆಯದಕ್ಕೆ ಇರಲಿಲ್ಲ. ಮೊದಲ ನಾಲ್ಕು ನೋಡಿ ಸಾಕು ಅಂದುಕೊಂಡು ಇಳಿದಿದ್ದರೆ ತಪ್ಪು ಕೇಬಲ್ ಎಳೆಯುತ್ತಿದ್ದೆ. ಒಂದೂ ಬಿಡದೆ ನೋಡಿ. ಆಮೇಲೂ ಅನುಮಾನ ಉಳಿದರೆ ಏಸಿ ನಕ್ಷೆ ಇಟ್ಟುಕೊಂಡವರನ್ನು ಕೇಳಿ.

ಬರೀ ಗೋಡೆಯೊಳಗೆ ಹಾಕುವುದಕ್ಕೆ ಯಾವುದು ಸಾಕು?

ಒಂದೇ ಮಹಡಿಯಲ್ಲಿ, ಗೋಡೆಯೊಳಗೆ ಇಳಿದು ಪಾಯಿಂಟ್‌ಗೆ ಬರುವ ಕೇಬಲ್‌ಗೆ CM ಸಾಕು. ಮಹಡಿ ದಾಟಿದರೆ CMR. ಒಂದು ಅಥವಾ ಎರಡು ಕುಟುಂಬದ ಮನೆಯಲ್ಲಿ ಮಹಡಿ ದಾಟಿದರೂ CM ನಡೆಯುತ್ತದೆ ಅಂತ ಅಮೆರಿಕದ ಸಂಹಿತೆ ಹೇಳುತ್ತದೆ.

ಆದರೂ ಗೋಡೆಯೊಳಗೆ ಹೋಗುವ ಎಲ್ಲದಕ್ಕೂ ನಾನು CMR ತರಿಸುತ್ತೇನೆ. CM ಗೂ CMR ಗೂ ಬೆಲೆಯಲ್ಲಿ ದೊಡ್ಡ ಅಂತರ ಇಲ್ಲ. ನಾಳೆ ಯಾರೋ ಅದೇ ಕೇಬಲ್ ಅನ್ನು ಮೇಲಿನ ಮಹಡಿಗೆ ತಿರುಗಿಸಬಹುದು. ಗೋಡೆ ಮುಚ್ಚಿದ ಮೇಲೆ ಒಳಗಿರುವುದು ಯಾವುದು ಅಂತ ಅವರಿಗೆ ಗೊತ್ತಾಗುವುದಿಲ್ಲ.

ಒಂದೇ ಕೇಬಲ್ ಗೋಡೆ, ಮಹಡಿ, ಸೀಲಿಂಗ್ ಮೂರನ್ನೂ ದಾಟುತ್ತದೆ. ಆಗ?

ಆ ಕೇಬಲ್ ಹಾಯುವ ಜಾಗಗಳಲ್ಲಿ ಅತಿ ಕಠಿಣವಾದದ್ದು ಯಾವುದೋ ಅದೇ ಪೂರ್ತಿ ಕೇಬಲ್‌ನ ದರ್ಜೆ. ಒಂದು ಲೆಕ್ಕ ಮಾಡಿ ನೋಡೋಣ.

ಎರಡು ಮಹಡಿಯ ಸಣ್ಣ ಕಚೇರಿ. ನೆಟ್‌ವರ್ಕ್ ರ‍್ಯಾಕ್ ನೆಲಮಹಡಿಯಲ್ಲಿದೆ. ಮೊದಲ ಮಹಡಿಯ ಸೀಲಿಂಗ್‌ನಲ್ಲಿ ಆರು ವೈಫೈ ಪೆಟ್ಟಿಗೆ ಕೂರಿಸಬೇಕು. ಪ್ರತಿ ಕೇಬಲ್ ರ‍್ಯಾಕ್‌ನಿಂದ ಗೋಡೆಯೊಳಗೆ 3 ಮೀಟರ್ ಏರುತ್ತದೆ, ನೆಲದ ತೂತು ದಾಟುತ್ತದೆ, ಮೇಲಿನ ಗೋಡೆಯಲ್ಲಿ ಮತ್ತೆ 3 ಮೀಟರ್ ಏರುತ್ತದೆ. ಆಮೇಲೆ ಸೀಲಿಂಗ್ ಮೇಲೆ ಸರಾಸರಿ 20 ಮೀಟರ್. ಎರಡೂ ತುದಿಗೆ ಸೇರಿಸಿ 4 ಮೀಟರ್ ಹೆಚ್ಚುವರಿ. ಒಟ್ಟು 30 ಮೀಟರ್. ಆರು ಕೇಬಲ್‌ಗೆ 180 ಮೀಟರ್.

ಗೋಡೆಗೆ CM ಸಾಕು. ತೂತಿಗೆ CMR ಬೇಕು. ಟೈಲ್ ಎತ್ತಿ ನೋಡಿದರೆ ಮೇಲಿನ ಸೀಲಿಂಗ್ ಪ್ಲೀನಮ್, ಅದಕ್ಕೆ CMP ಬೇಕು. ಹಾಗಾಗಿ 30 ಮೀಟರ್ ಪೂರ್ತಿ CMP.

ಕೆಲವರು ಇಲ್ಲಿ ಉಳಿತಾಯ ಹುಡುಕುತ್ತಾರೆ. ಗೋಡೆಯಲ್ಲಿ CMR, ಸೀಲಿಂಗ್‌ನಲ್ಲಿ CMP, ನಡುವೆ ಒಂದು ಜೋಡಣೆ. ಲೆಕ್ಕ ಹಾಕಿ ನೋಡಿ. ಕೇಬಲ್ ಪೆಟ್ಟಿಗೆ ಸಾಮಾನ್ಯವಾಗಿ 305 ಮೀಟರ್. 180 ಮೀಟರ್ ಕೆಲಸಕ್ಕೆ CMP ಒಂದೇ ಪೆಟ್ಟಿಗೆ ಸಾಕಿತ್ತು. ಎರಡು ಬಗೆ ಬೆರೆಸಿದರೆ ಎರಡು ಪೆಟ್ಟಿಗೆ ಕೊಳ್ಳಬೇಕು. ಜೊತೆಗೆ ಕಣ್ಣಿಗೆ ಕಾಣದ ಜಾಗದಲ್ಲಿ ಆರು ಜೋಡಣೆ, ಅಂದರೆ ಮುಂದೆ ಕೈಕೊಡಬಹುದಾದ ಆರು ಜಾಗ. ಸೀಲಿಂಗ್ ಪ್ಲೀನಮ್ ಅಲ್ಲದಿದ್ದರೆ ಇದೇ ಕೆಲಸಕ್ಕೆ CMR ಒಂದು ಪೆಟ್ಟಿಗೆ ತರಿಸುತ್ತಿದ್ದೆ.

ಇನ್ನೊಂದು ಸಣ್ಣ ವಿಷಯ. ಪ್ಲೀನಮ್‌ನಲ್ಲಿ ಕೇಬಲ್ ಅಷ್ಟೇ ಅಲ್ಲ, ಅದನ್ನು ಕಟ್ಟುವ ಪ್ಲಾಸ್ಟಿಕ್ ಟೈ ಕೂಡ ಆ ಜಾಗಕ್ಕೆಂದೇ ಪರೀಕ್ಷೆಯಾಗಿರಬೇಕು. ಒಳ್ಳೆಯ CMP ಕೇಬಲ್ ಎಳೆದು ಮಾಮೂಲಿ ನೈಲಾನ್ ಟೈ ಹಾಕಿದ್ದನ್ನು ತುಂಬ ಕಡೆ ನೋಡಿದ್ದೇನೆ.

ಲೋಹದ ಪೈಪಿನೊಳಗೆ ಹಾಕಿದರೆ ಕಡಿಮೆ ದರ್ಜೆ ಸಾಕಾಗುತ್ತದಾ?

ಪ್ಲೀನಮ್ ಉದ್ದಕ್ಕೂ ಲೋಹದ ಕಾಂಡ್ಯುಟ್ ಹಾಕಿ ಅದರೊಳಗೆ CMR ಎಳೆಯಬಹುದು. ಪ್ಲಾಸ್ಟಿಕ್ ಪೈಪ್ ಈ ಕೆಲಸಕ್ಕೆ ಬರುವುದಿಲ್ಲ, ಅದು ತಾನೇ ಉರಿಯುವ ವಸ್ತು. ಎಲ್ಲ ಕೇಬಲ್ ಒಂದೇ ದಿಕ್ಕಿಗೆ ಹೋಗುವಾಗ ಒಂದು ಪೈಪಿನಲ್ಲಿ ಕೆಲಸ ಮುಗಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆರು ಕೇಬಲ್ ಆರು ದಿಕ್ಕು. ಸರಾಸರಿ 20 ಮೀಟರ್ ಅಂದರೆ 120 ಮೀಟರ್ ಪೈಪು. ಅಲ್ಲಿ CMP ಕೇಬಲ್ಲೇ ಅಗ್ಗ.

LSZH ಅಂತ ಬರೆದಿದೆ. ಅದು CMP ಗಿಂತ ಒಳ್ಳೆಯದಾ?

ಇವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. LSZH ಅಂದರೆ ಹೊಗೆ ಕಡಿಮೆ, ಹ್ಯಾಲೋಜನ್ ಇಲ್ಲ ಅಂತ. ಮಾಮೂಲಿ ಪಿವಿಸಿ ಹೊದಿಕೆಯಲ್ಲಿ ಕ್ಲೋರಿನ್ ಇರುತ್ತದೆ. ಅದು ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ನೀರಿನ ಪಸೆ ಸಿಕ್ಕಿದ ಕೂಡಲೇ ಅದು ಆಮ್ಲ. ಕಣ್ಣು, ಗಂಟಲು ಸುಡುತ್ತದೆ. ಬೆಂಕಿ ಮುಟ್ಟದ ಯಂತ್ರಗಳನ್ನೂ ತಿಂದುಹಾಕುತ್ತದೆ. LSZH ಹೊದಿಕೆಯಲ್ಲಿ ಕ್ಲೋರಿನ್ ಬದಲು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನಂಥ ಪುಡಿ ಬೆರೆಸಿರುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆ ಪುಡಿ ಒಳಗಿನ ನೀರನ್ನು ಆವಿಯಾಗಿ ಬಿಟ್ಟು ಉರಿಯನ್ನು ತಣಿಸುತ್ತದೆ.

ಆದರೆ LSZH ಅನ್ನುವ ಅಕ್ಷರ ಬೆಂಕಿ ಎಷ್ಟು ದೂರ ಹರಡುತ್ತದೆ ಅಂತ ಹೇಳುವುದಿಲ್ಲ. ಅದನ್ನು ಬೇರೆ ಗುರುತು ಹೇಳಬೇಕು. ಕೆಲವು LSZH ಕೇಬಲ್ ಐಇಸಿ 60332-1 ಮಾತ್ರ ದಾಟಿರುತ್ತವೆ. ಅದು 60 ಸೆಂಟಿಮೀಟರ್‌ನ ಒಂದೇ ತುಂಡಿನ ಪರೀಕ್ಷೆ. ಕಟ್ಟುಗಟ್ಟಲೆ ಕೇಬಲ್ ಏರುವ ಜಾಗಕ್ಕೆ ಐಇಸಿ 60332-3 ನೋಡಿ. ಅಲ್ಲಿ 3.5 ಮೀಟರ್ ಉದ್ದದ ಕೇಬಲ್ ಕಟ್ಟನ್ನು ಏಣಿಗೆ ಕಟ್ಟಿ ಉರಿಸುತ್ತಾರೆ.

ಇನ್ನು CMP ಕೇಬಲ್‌ನಲ್ಲಿ ಹೆಚ್ಚಾಗಿ ಹ್ಯಾಲೋಜನ್ ಇರುತ್ತದೆ. ಒಳಗಿನ ಎಳೆಗಳ ಹೊದಿಕೆಗೆ ಸಾಮಾನ್ಯವಾಗಿ ಎಫ್‌ಇಪಿ ಅನ್ನುವ ಫ್ಲೋರಿನ್ ಇರುವ ಪ್ಲಾಸ್ಟಿಕ್ ಬಳಸುತ್ತಾರೆ. ಸುಲಿದು ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಅದಕ್ಕೇ CMP ದುಬಾರಿ. ಹತ್ತಿಕೊಳ್ಳುವುದೇ ಕಷ್ಟ ಅನ್ನುವುದು ಅದರ ಬಲ. ಹತ್ತಿಕೊಂಡರೂ ವಿಷ ಕಡಿಮೆ ಅನ್ನುವುದು LSZH ನ ಬಲ. ಜನ ಹೊರಗೆ ಓಡಲು ದಾರಿ ಕಡಿಮೆ ಇರುವ ಸುರಂಗ, ನೆಲಮಾಳಿಗೆಯಂಥ ಕಡೆ ನಾನು LSZH ಬೇಕು ಅನ್ನುತ್ತೇನೆ. CMP ಕೇಳುವ ಸೀಲಿಂಗ್‌ನಲ್ಲಿ ಬರೀ LSZH ಅಂತ ಬರೆದದ್ದನ್ನು ಹಾಕುವಂತಿಲ್ಲ.

ಪೆಟ್ಟಿಗೆ ಮೇಲೆ Cca, s1, d1, a1 ಅಂತ ಇದೆ. ಇದೇನು?

ಇದು ಯುರೋಪಿನ ಗುರುತು. ಕಟ್ಟಡದೊಳಗೆ ಕಾಯಂ ಆಗಿ ಕೂರುವ ಕೇಬಲ್‌ಗೆ ಅಲ್ಲಿ 2017ರ ಜುಲೈ 1ರಿಂದ ಇದು ಕಡ್ಡಾಯ. Aca ಎಲ್ಲಕ್ಕಿಂತ ಮೇಲು. ಆಮೇಲೆ B1ca, B2ca, Cca, Dca, Eca, ಕೊನೆಗೆ Fca. ಜೊತೆಗಿರುವ `s` ಹೊಗೆಗೆ, `d` ಉರಿಯುತ್ತಾ ತೊಟ್ಟಿಕ್ಕುವ ಹನಿಗೆ, `a` ಆಮ್ಲಕ್ಕೆ. ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. CMP ಅಂದರೆ B2ca ಅಂತೆಲ್ಲ ನೇರ ಹೋಲಿಕೆ ಮಾಡಬೇಡಿ, ಪರೀಕ್ಷೆಗಳೇ ಬೇರೆ. ಈ ಗುರುತನ್ನು ಪೆಟ್ಟಿಗೆಯ ಚೀಟಿಯಲ್ಲಿ ಹುಡುಕಿ, ಕೇಬಲ್ ಮೈಮೇಲೆ ಇಲ್ಲದೇ ಇರಬಹುದು.

ಹೊರಗೆ ಹಾಕುವ ಕಪ್ಪು ಕೇಬಲ್ ಉಳಿದಿದೆ. ಗೋಡೆಯೊಳಗೆ ಎಳೆದರೆ ತಪ್ಪೇನು?

ಬರೀ ಹೊರಾಂಗಣಕ್ಕೆ ಅಂತ ಮಾಡಿದ ಕೇಬಲ್‌ನ ಹೊದಿಕೆ ಹೆಚ್ಚಾಗಿ ಪಾಲಿಥಿಲೀನ್. ಬಿಸಿಲು ಮಳೆಗೆ ಜಗ್ಗುವುದಿಲ್ಲ. ಬೆಂಕಿಗೆ ಮಾತ್ರ ಮೇಣದ ಹಾಗೆ: ಕರಗುತ್ತದೆ, ಉರಿಯುತ್ತಲೇ ಕೆಳಗೆ ಹನಿಯುತ್ತದೆ. ಆ ಹನಿ ಬಿದ್ದ ಕಡೆ ಇನ್ನೊಂದು ಬೆಂಕಿ. ದರ್ಜೆಯ ಗುರುತಿಲ್ಲದ ಇಂಥ ಕೇಬಲ್ ಕಟ್ಟಡದೊಳಗೆ ಬಂದ ಜಾಗದಿಂದ 15 ಮೀಟರ್ ದಾಟಬಾರದು ಅಂತ ಅಮೆರಿಕದ ಸಂಹಿತೆ ಮಿತಿ ಹಾಕಿದೆ. ಅಷ್ಟರೊಳಗೆ ಒಂದು ಪೆಟ್ಟಿಗೆಯಲ್ಲಿ ಮುಗಿಸಿ, ಅಲ್ಲಿಂದ ಒಳಗಿನ ಕೇಬಲ್ ಶುರು ಮಾಡಬೇಕು. ಹೊರಗೂ ಒಳಗೂ ಆಗುವ ಕೇಬಲ್ ಬೇಕಿದ್ದರೆ CMR ಗುರುತೂ ಇರುವ ಹೊರಾಂಗಣದ ಕೇಬಲ್ ಸಿಗುತ್ತದೆ.

ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್, ಅಂದರೆ ಪ್ಯಾಚ್ ಕಾರ್ಡ್ ಬಗ್ಗೆಯೂ ಇದೇ ಮಾತು. ಎಷ್ಟೋ ಪ್ಯಾಚ್ ಕಾರ್ಡ್ ಮೇಲೆ ಬೆಂಕಿಯ ಗುರುತೇ ಇರುವುದಿಲ್ಲ. ಅದನ್ನು ಗೋಡೆಯೊಳಗೆ ತೂರಿಸಬೇಡಿ.

CMR ಹಾಕಿದ್ದೇವೆ. ಮಹಡಿಯ ತೂತು ಹಾಗೇ ಬಿಟ್ಟರೆ ನಡೆಯುತ್ತದಾ?

ನಡೆಯುವುದಿಲ್ಲ. ಕೇಬಲ್ ಏಣಿಯಾಗದೆ ಇರಬಹುದು, ತೂತು ಚಿಮಣಿಯಾಗುತ್ತದೆ. ಅದನ್ನು ಬಿಸಿಗೆ ಉಬ್ಬಿ ಮುಚ್ಚಿಕೊಳ್ಳುವ, ಬೆಂಕಿ ತಡೆಗೆಂದೇ ಪರೀಕ್ಷೆಯಾದ ಸೀಲಂಟ್‌ನಿಂದ ತುಂಬಬೇಕು. ಕಿಟಕಿ ಸಂದಿಗೆ ಹೊಡೆಯುವ ಮಾಮೂಲಿ ಸ್ಪ್ರೇ ಫೋಮ್ ಬೇಡ.

ಯಾಕೆ ಬೇಡ ಅನ್ನುವುದಕ್ಕೆ 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣುವಿದ್ಯುತ್ ಸ್ಥಾವರದಲ್ಲಿ ನಡೆದದ್ದು ನೆನಪಿಡಿ. ಗೋಡೆಯಲ್ಲಿ ಕೇಬಲ್ ಹಾಯುವ ತೂತಿಗೆ ಪಾಲಿಯುರಿಥೇನ್ ಫೋಮ್ ತುಂಬಿದ್ದರು. ಗಾಳಿ ಸೋರುತ್ತಿದೆಯಾ ಅಂತ ನೋಡಲು ಕೆಲಸಗಾರರು ಮೋಂಬತ್ತಿ ಹಿಡಿದರು. ಸೋರುವ ಗಾಳಿ ಜ್ವಾಲೆಯನ್ನು ಒಳಗೆಳೆದುಕೊಂಡಿತು. ಫೋಮ್ ಹತ್ತಿಕೊಂಡಿತು, ಕೇಬಲ್‌ಗಳಿಗೆ ದಾಟಿತು. ಆರಿಸಲು ಏಳು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. 1,600ಕ್ಕೂ ಹೆಚ್ಚು ಕೇಬಲ್ ಹಾಳಾದವು. ತೂತಿಗೆ ಏನು ತುಂಬುತ್ತೇವೆ ಅನ್ನುವುದು ಕೇಬಲ್ ಆಯ್ಕೆಯಷ್ಟೇ ದೊಡ್ಡ ವಿಷಯ.

CMP ಹಾಕಿದರೆ ಬೆಂಕಿ ಬಿದ್ದಾಗಲೂ ಕೇಬಲ್ ಕೆಲಸ ಮಾಡುತ್ತದಾ?

ಇಲ್ಲ. ಈ ಎಲ್ಲ ಗುರುತು ಹೇಳುವುದು ಬೆಂಕಿ ಹರಡದಿರುವ ಬಗ್ಗೆ. ಉರಿಯ ನಡುವೆಯೂ ಇಷ್ಟು ಹೊತ್ತು ಕೆಲಸ ಮಾಡಬೇಕು ಅನ್ನುವುದು ಬೇರೆಯೇ ಜಾತಿಯ ಕೇಬಲ್. ಬೆಂಕಿ ಎಚ್ಚರಿಕೆಯ ಗಂಟೆಗೆ ಅಂಥದ್ದು ಬಳಸುತ್ತಾರೆ. ಅದರ ಐಇಸಿ ಪರೀಕ್ಷೆಯ ಸಂಖ್ಯೆ 60331. ಹಿಂದೆ ಹೇಳಿದ 60332 ಬೇರೆ. ಒಂದೇ ಅಂಕಿಯ ವ್ಯತ್ಯಾಸ, ಕೊಳ್ಳುವಾಗ ಎರಡು ಸಲ ಓದಿ.

ಗುರುತು ಸುಳ್ಳಾಗಿದ್ದರೆ ಹೇಗೆ ತಿಳಿಯುವುದು?

ಮೊದಲು ಆ `E` ಸಂಖ್ಯೆಯನ್ನು ಯುಎಲ್‌ನ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಬರುವ ತಯಾರಕರ ಹೆಸರು ಪೆಟ್ಟಿಗೆಯ ಹೆಸರಿಗೆ ಹೊಂದಬೇಕು. ಸಂಖ್ಯೆಯೇ ಇಲ್ಲದೆ ಬರೀ `CMR` ಅಂತ ಅಚ್ಚಾಗಿದ್ದರೆ ನಾನು ಕೊಳ್ಳುವುದಿಲ್ಲ.

ಆಮೇಲೆ ಒಂದು ಎಳೆ ಸುಲಿದು ಬ್ಲೇಡಿನಿಂದ ಕೆರೆಯಿರಿ. ತಾಮ್ರದ ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಪೆಟ್ಟಿಗೆ ಎತ್ತಿದಾಗಲೇ ಹಗುರ ಅನ್ನಿಸುತ್ತದೆ. ಯುಎಲ್ ಮಾನ್ಯ ಮಾಡುವ CM ಕುಟುಂಬದ ಡೇಟಾ ಕೇಬಲ್‌ಗೆ ತಾಮ್ರವೇ ಇರಬೇಕು. ಹಾಗಾಗಿ ಅಲ್ಯೂಮಿನಿಯಂ ಎಳೆಯ ಮೇಲೆ CMR, CMP ಅಂತ ಇದ್ದರೆ ಆ ಅಚ್ಚನ್ನು ನಂಬುವ ಹಾಗಿಲ್ಲ.

ಲೈಟರ್ ಹಿಡಿದು ಸುಟ್ಟು ನೋಡುವವರೂ ಇದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಒಂಟಿ ತುಂಡು ಆರಿಹೋದರೂ ಕಟ್ಟು ಉರಿಯಬಹುದು ಅಂತ ಮೇಲೆಯೇ ನೋಡಿದೆವು. ಆ ಹೊಗೆ ಕುಡಿಯುವುದೂ ಬೇಡ.

ಸೀಲಿಂಗ್ ಮೇಲೆ ಹಳೆಯ ಕೇಬಲ್ ರಾಶಿ ಇದೆ. ಬಳಸುತ್ತಿಲ್ಲ. ಬಿಟ್ಟರೆ ಏನಾಗುತ್ತದೆ?

ಅದು ಸುಮ್ನೆ ಬಿದ್ದಿರುವ ಸೌದೆ. ಬಳಸದೆ ಬಿಟ್ಟ, ಕೈಗೆ ಸಿಗುವ ಕೇಬಲ್ ತೆಗೆಯಲೇಬೇಕು ಅಂತ ಅಮೆರಿಕದ ಸಂಹಿತೆ ಹೇಳುತ್ತದೆ. ಮುಂದೆ ಬೇಕಾದೀತು ಅಂತ ಉಳಿಸುವುದಾದರೆ ಎರಡೂ ತುದಿಗೆ ಚೀಟಿ ಕಟ್ಟಿ ಬರೆದಿಡಬೇಕು. ನಾನು ಹೊಸ ಕೇಬಲ್ ಎಳೆಯುವ ಮೊದಲೇ ಹಳೆಯದನ್ನು ಇಳಿಸುತ್ತೇನೆ. ಕತ್ತರಿಸುವ ಮುಂಚೆ ಕೇಬಲ್ ಪತ್ತೆಗೆ ಸಂಕೇತ ಕಳಿಸುವ ಟೋನರ್ ಉಪಕರಣ ಜೋಡಿಸಿ ಎರಡೂ ತುದಿ ಖಾತ್ರಿ ಮಾಡಿಕೊಳ್ಳಿ. ಇಳಿಸಿದ ತುಂಡುಗಳ ಮೇಲಿನ ಅಚ್ಚನ್ನೂ ಓದಿ. ಪ್ಲೀನಮ್ ಸೀಲಿಂಗ್‌ನಿಂದ `CM` ಅಂತ ಬರೆದ ತುಂಡು ಇಳಿದು ಬಂದರೆ, ಉಳಿದ ಕೇಬಲ್‌ಗಳನ್ನೂ ಒಂದೊಂದಾಗಿ ಓದಲೇಬೇಕು.